ಪುಳಿಯೋಗರೆ ತೂತು ಮಾಡಿದ ಫಾಯಿಲ್

ಬೆಳಿಗ್ಗೆ ಎದ್ದು ಸ್ಟೀಲ್ ಬೋಗುಣಿಯ ಮೇಲಿದ್ದ ಫಾಯಿಲ್ ಎತ್ತಿದೆ. ಅದರಲ್ಲಿ ಅಲ್ಲಲ್ಲಿ ಸೂಜಿಮೊನೆಯಷ್ಟು ತೂತುಗಳು. ಬೆಳಕಿಗೆ ಹಿಡಿದರೆ ಜರಡಿ ಥರ ಕಾಣುತ್ತಿತ್ತು. ಕೆಳಗೆ ಪುಳಿಯೋಗರೆಯ ಮೇಲೆ, ಫಾಯಿಲ್ ತಾಗಿದ್ದ ಕಡೆಯೆಲ್ಲ ಬೂದು ಚುಕ್ಕೆ. ರಾತ್ರಿ ಜಿರಲೆ ಏನಾದರೂ ಕಚ್ಚಿತಾ ಅಂತ ಮೊದಲು ಅನುಮಾನ ಬಂತು. ಆದರೆ ತೂತು ಇದ್ದದ್ದು ಅನ್ನ ತಾಗಿದ ಕಡೆ ಮಾತ್ರ. ಗಾಳಿಗೆ ನಿಂತಿದ್ದ ಜಾಗ ಹೊಸದರ ಹಾಗೇ ಹೊಳೆಯುತ್ತಿತ್ತು.

ನಾನು ಮೈಸೂರಿನಲ್ಲಿ ಮನೆಯಿಂದಲೇ ಊಟದ ಪೊಟ್ಟಣ ಮಾಡಿಕೊಡುವವಳು. ಪ್ರವಾಸ ಹೋಗುವವರು, ಗೃಹಪ್ರವೇಶದವರು, ರಾತ್ರಿ ರೈಲು ಹತ್ತುವವರು ಬಂದು ಹೇಳಿ ಹೋಗುತ್ತಾರೆ. ಅಡುಗೆ ನಮ್ಮತ್ತೆಯಿಂದ ಕಲಿತೆ. ಕಟ್ಟುವ ವಿದ್ಯೆ ಮಾತ್ರ ಹೀಗೆ ಕೆಡಿಸಿ ಕೆಡಿಸಿ ಬಂದದ್ದು.

ಆ ಬೋಗುಣಿಯ ಕಥೆ ಹೀಗಿತ್ತು. ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರ ಇರುತ್ತದೆ. ಲೋಹವನ್ನು ಕಾಯುವುದು ಅದೇ. ಹುಣಸೆಹಣ್ಣಿನ ಹುಳಿ, ಉಪ್ಪು ಎರಡೂ ಸೇರಿದರೆ ಆ ಪದರ ಕರಗಲು ಶುರು. ಸಾಲದ್ದಕ್ಕೆ ಕೆಳಗಿದ್ದದ್ದು ಸ್ಟೀಲ್ ಪಾತ್ರೆ. ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿ, ನಡುವೆ ಉಪ್ಪು-ಹುಳಿಯ ತೇವ ಇದ್ದರೆ ಅದು ಚಿಕ್ಕ ಬ್ಯಾಟರಿ ಇದ್ದ ಹಾಗೆ. ಆ ಜೋಡಿಯಲ್ಲಿ ಸವೆಯುವುದು ಅಲ್ಯೂಮಿನಿಯಮ್ಮೇ, ಸ್ಟೀಲ್‌ಗೆ ಏನೂ ಆಗುವುದಿಲ್ಲ. ನನಗೆ ನಂಬಿಕೆ ಬರಲಿಲ್ಲ. ಮುಂದಿನ ವಾರ ಅದೇ ಪುಳಿಯೋಗರೆಯನ್ನು ಒಂದು ಗಾಜಿನ ಬಟ್ಟಲು, ಒಂದು ಸ್ಟೀಲ್ ಬಟ್ಟಲು ಎರಡಕ್ಕೂ ಹಾಕಿ, ಫಾಯಿಲ್ ಅನ್ನಕ್ಕೆ ತಾಗುವ ಹಾಗೆ ಒತ್ತಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆ. ಸ್ಟೀಲಿನದಕ್ಕೆ ಮತ್ತೆ ತೂತು ಬಿತ್ತು. ಗಾಜಿನದಕ್ಕೆ ಒಂದೆರಡು ಮಸುಕು ಕಲೆ ಬಿಟ್ಟರೆ ಏನೂ ಇರಲಿಲ್ಲ.

ಒಂದು ಸಲ ತಿಂದರೆ ಏನೂ ಆಗಿಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆಯಾದ ಎಫ್‌ಎಒ ಸೇರಿ ನಡೆಸುವ ತಜ್ಞರ ಸಮಿತಿ 2011ರಲ್ಲಿ ಅಲ್ಯೂಮಿನಿಯಂಗೆ ಒಂದು ಮಿತಿ ಹಾಕಿದೆ. ದೇಹದ ತೂಕದ ಪ್ರತಿ ಕೆಜಿಗೆ ವಾರಕ್ಕೆ 2 ಮಿಲಿಗ್ರಾಂ. 60 ಕೆಜಿ ತೂಕದವರಿಗೆ ವಾರಕ್ಕೆ 120 ಮಿಲಿಗ್ರಾಂ ಆಯಿತು. ಒಂದು ಹೊತ್ತಿನ ಚಿತ್ರಾನ್ನದಿಂದ ಅಷ್ಟೆಲ್ಲ ಬರಲಾರದು. ಆದರೂ ದಿನಾ ಮಗುವಿನ ಡಬ್ಬಿಗೆ ನಿಂಬೆಹಣ್ಣಿನ ಚಿತ್ರಾನ್ನವನ್ನು ಫಾಯಿಲ್‌ನಲ್ಲಿ ಸುತ್ತಿ ಕಳಿಸುವುದು ಯಾಕೆ ಬೇಕು? ಅನ್ನಕ್ಕೆ ಬರುವ ಲೋಹದ ರುಚಿಯೊಂದೇ ಸಾಕು, ಬೇಡ ಅನ್ನೋದಕ್ಕೆ. ಅಂದಹಾಗೆ, ಹೊಳೆಯುವ ಮಗ್ಗುಲು ಒಳಗಿರಬೇಕಾ ಹೊರಗಾ ಅಂತ ಎಲ್ಲರೂ ಕೇಳುತ್ತಾರೆ. ಯಾವ ಮಗ್ಗುಲಾದರೂ ಒಂದೇ. ಕಾರ್ಖಾನೆಯಲ್ಲಿ ಎರಡು ಹಾಳೆ ಜೋಡಿಸಿ ಒತ್ತುತ್ತಾರೆ. ರೋಲರಿಗೆ ತಾಗಿದ ಮಗ್ಗುಲು ಹೊಳೆಯುತ್ತದೆ, ಅಷ್ಟೇ.

ಅವತ್ತಿನಿಂದ ನಾನು ಕಟ್ಟುವಾಗ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಊಟಕ್ಕೆ ತಾಗುವುದು ಯಾವುದು? ಹೊರಗಿನಿಂದ ಹಿಡಿದುಕೊಳ್ಳುವುದು ಯಾವುದು? ಈ ಎರಡು ಕೆಲಸವನ್ನೂ ಒಂದೇ ಹಾಳೆಗೆ ಒಪ್ಪಿಸುವುದರಿಂದಲೇ ಮುಕ್ಕಾಲುಪಾಲು ತೊಂದರೆ.

ಹೋದ ವರ್ಷ 40 ಜನರ ಒಂದು ತಂಡ ತಲಕಾಡಿಗೆ ಹೊರಟಿತ್ತು. ಬೆಳಿಗ್ಗೆ 6ಕ್ಕೆ ಬಸ್ಸು, 11 ಗಂಟೆಗೆ ಊಟ. ಪುಳಿಯೋಗರೆ, ಆಂಬೊಡೆ, ಒಂದೊಂದು ಒಬ್ಬಟ್ಟು, ಮೊಸರನ್ನ. ಏರ್ಪಾಟು ಮಾಡಿದ ಹುಡುಗ ಬಂದು, "ಅಕ್ಕಾ, ಎಲೆ ಗಿಲೆ ಬೇಡ, ಎಲ್ಲಾ ಫಾಯಿಲ್‌ನಲ್ಲೇ ಕಟ್ಟಿಬಿಡಿ, ನೀಟಾಗಿರುತ್ತೆ" ಅಂದ. ನಾನು ಒಳಗಿಂದ ಆ ತೂತು ಬಿದ್ದ ಹಾಳೆ ತಂದು ತೋರಿಸಿದೆ. ಅದನ್ನು ಇನ್ನೂ ಎತ್ತಿಟ್ಟಿದ್ದೇನೆ, ಮಾತು ಉಳಿಯುತ್ತೆ. "ಸರಿ ಅಕ್ಕ, ನಿಮಗೆ ಹೇಗೆ ಸರಿಯೋ ಹಾಗೆ ಮಾಡಿ" ಅಂತ ಹೋದ.

ಪುಳಿಯೋಗರೆಗೆ ಬಾಳೆ ಎಲೆ. ಹುಳಿಯಾಗಲಿ ಎಣ್ಣೆಯಾಗಲಿ ಎಲೆಯನ್ನು ಏನೂ ಮಾಡುವುದಿಲ್ಲ, ಬಿಸಿ ತಾಗಿದರೆ ಇನ್ನೂ ಘಮ ಬರುತ್ತದೆ. ಅದಕ್ಕಿರುವ ಕಷ್ಟ ಬೇರೆ. ಒಂದು, ಅದು ನರದ ಗುಂಟ ಸೀಳುತ್ತದೆ. ಎರಡು, ಹೊತ್ತು ಕಳೆದ ಹಾಗೆ ಕಪ್ಪಾಗುತ್ತದೆ. ಸೀಳಬಾರದು ಅಂದರೆ ಬಾಡಿಸಬೇಕು. ನಡುವಿನ ದಿಂಡು ಸೀಳಿ ತೆಗೆದು, ಒಂದೂಕಾಲು ಅಡಿ ಉದ್ದದ ತುಂಡು ಮಾಡಿ, ಒದ್ದೆ ಬಟ್ಟೆಯಲ್ಲಿ ಎರಡು ಕಡೆಯೂ ಒರೆಸುತ್ತೇನೆ. ಆಮೇಲೆ ಸಣ್ಣ ಉರಿಯ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಮೆಲ್ಲಗೆ ಆಡಿಸುತ್ತೇನೆ. ಮಸಕು ಹಸಿರು ಇದ್ದದ್ದು ಕ್ಷಣದಲ್ಲಿ ಕಡು ಹಸಿರಾಗಿ ಎಣ್ಣೆ ಸವರಿದ ಹಾಗೆ ಮಿರುಗುತ್ತದೆ. ಎಲೆ ಮೇಲಿನ ಮೇಣ ಕರಗಿದ ಗುರುತು ಅದು. ಅಲ್ಲಿಗೆ ಸಾಕು. ಇನ್ನೂ ಹಿಡಿದರೆ ಕಂದಾಗಿ ಗರಿಗರಿಯಾಗಿ ಮುರಿಯುತ್ತದೆ. ಸರಿಯಾಗಿ ಬಾಡಿದೆಯಾ ಅಂತ ನೋಡಲು ಒಂದು ಮೂಲೆ ಮಡಿಸಿ ಒತ್ತಿ. ಚಟ್ ಅಂದರೆ ಇನ್ನೂ ಹಸಿ. ಬಟ್ಟೆಯ ಹಾಗೆ ಮಡಚಿಕೊಂಡರೆ ಆಯಿತು.

5 ಕೆಜಿ ಅಕ್ಕಿಯ ಅನ್ನ ಮಾಡಿದ್ದೆ. ಕಲಸಿದ ಮೇಲೆ ದೊಡ್ಡ ತಟ್ಟೆಗಳಲ್ಲಿ ಹರವಿ, ಫ್ಯಾನ್ ಕೆಳಗೆ ಅರ್ಧ ಗಂಟೆ ಬಿಟ್ಟೆ. ಕೈಗೆ ಉಗುರುಬೆಚ್ಚಗಾದ ಮೇಲೆಯೇ ಪೊಟ್ಟಣಕ್ಕೆ. ಹೊಗೆಯಾಡುವ ಅನ್ನ ಕಟ್ಟಿದರೆ ಒಳಗೆ ಬೆವರುತ್ತದೆ. ಆ ನೀರಿಗೇ ಅನ್ನ ಹಳಸುವುದು, ಎಲೆಯ ತಪ್ಪಲ್ಲ. ಎಲೆಯ ಮಿರುಗುವ ಮೇಲ್ಭಾಗ ಅನ್ನದ ಕಡೆಗೆ. ನಡುವೆ ಅಂಗೈಯಗಲದ ಇನ್ನೊಂದು ತುಂಡನ್ನು ಅಡ್ಡವಾಗಿ ಇಡುತ್ತೇನೆ. ನರಗಳು ಒಂದರ ಮೇಲೊಂದು ಅಡ್ಡ ಬಿದ್ದರೆ, ಕೆಳಗಿನದು ಸೀಳಿದರೂ ಎಣ್ಣೆ ಹೊರಗೆ ಬರುವುದಿಲ್ಲ. ಒಂದೊಂದಕ್ಕೂ ಸುಮಾರು 350 ಗ್ರಾಂ ಅನ್ನ. ಉದ್ದದ ಎರಡು ಅಂಚು ಸೇರಿಸಿ ಮಡಿಸಿ, ತುದಿಗಳನ್ನು ಅಡಿಗೆ ಸೇರಿಸಿ, ಹೊರಗೆ ಖಾಕಿ ಕಾಗದ, ದಾರ. ಸ್ಟೇಪ್ಲರ್ ಪಿನ್ ಹೊಡೆಯುವುದಿಲ್ಲ, ಅನ್ನದಲ್ಲಿ ಬಿದ್ದರೆ ಯಾರ ಬಾಯಿಗೆ ಹೋಗುತ್ತೋ. ಹಿಂದೆಲ್ಲ ಹೊರಗೆ ನ್ಯೂಸ್‌ಪೇಪರ್ ಸುತ್ತುತ್ತಿದ್ದೆವು. ಈಗ ಅದೂ ಇಲ್ಲ. ಅಚ್ಚಿನ ಮಸಿ ಎಣ್ಣೆಗೆ ಸುಲಭವಾಗಿ ಇಳಿಯುತ್ತದೆ, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮವೇ ಅದನ್ನು ಬೇಡ ಅನ್ನುತ್ತದೆ.

ಆಂಬೊಡೆ, ಒಬ್ಬಟ್ಟಿಗೆ ಬಟರ್ ಪೇಪರ್. ಇಲ್ಲಿ ನಾನು ಮೊದಲು ಏಟು ತಿಂದದ್ದು ಕಡಿಮೆ ದುಡ್ಡಿನ ಒಂದು ಬಂಡಲಿನಲ್ಲಿ. ಅಂಗಡಿಯವರು ಬಟರ್ ಪೇಪರ್ ಅಂತಲೇ ಕೊಟ್ಟಿದ್ದರು. ಬಿಸಿ ಒಬ್ಬಟ್ಟು ಇಟ್ಟೆ. ಸ್ವಲ್ಪ ಹೊತ್ತಿಗೆ ಕಾಗದ ಒದ್ದೆಯಾದ ಹಾಗಾಗಿ ಒಬ್ಬಟ್ಟಿಗೆ ಅಂಟಿಕೊಂಡಿತು. ಮೂಸಿದರೆ ಮೇಣದಬತ್ತಿ ವಾಸನೆ! ಅದು ಮೇಣ ಸವರಿದ ಕಾಗದ. ಎರಡೂ ನೋಡಲು ಒಂದೇ ಥರ, ಮಸುಕಾಗಿ ನಯವಾಗಿ ಇರುತ್ತವೆ. ಈಗ ಕೊಳ್ಳುವಾಗ ಉಗುರಿನಿಂದ ಗೀರುತ್ತೇನೆ. ಉಗುರಿಗೆ ಬಿಳಿ ಪುಡಿ ಬಂದರೆ ಮೇಣ. ಮೇಣದ ಕಾಗದ ತಣ್ಣಗಿನ ಬಿಸ್ಕತ್ತಿಗೆ, ಬರ್ಫಿಗೆ ಪರವಾಗಿಲ್ಲ, ಬಿಸಿಗೆ ಖಂಡಿತ ಆಗದು.

ಒಳ್ಳೆಯ ಬಟರ್ ಪೇಪರ್ ಆದರೂ ಕರಿದದ್ದನ್ನು ಬಾಣಲೆಯಿಂದ ನೇರ ಕಟ್ಟಬಾರದು. ಆಂಬೊಡೆಯನ್ನು ಜಾಲರಿ ತಟ್ಟೆಯಲ್ಲಿ ಹರವಿ, ಪೂರ್ತಿ ಆರಿಸಿಯೇ ಸುತ್ತಿದೆ. ಆಗಲೂ ತುದಿಗಳನ್ನು ಗಟ್ಟಿಯಾಗಿ ತಿರುಚದೆ ಸುಮ್ನೆ ಮಡಿಸಿ ಬಿಟ್ಟೆ. ಉಳಿದ ಬಿಸಿ ಹೋಗಲು ದಾರಿ ಇದ್ದರೆ ಗರಿ ಉಳಿಯುತ್ತದೆ. ಒಬ್ಬಟ್ಟಿಗೆ ಆ ಚಿಂತೆ ಇಲ್ಲ, ಮೆತ್ತಗಿದ್ದರೇ ಚೆಂದ ಅಲ್ವಾ?

ಕ್ಲಿಂಗ್ ಫಿಲ್ಮ್ ಅವತ್ತು ಒಂದೇ ಕಡೆ ಬಳಸಿದೆ, ಹಿಂದಿನ ರಾತ್ರಿ ಕಲಸಿಟ್ಟ ಕಣಕಕ್ಕೆ. ಪ್ಲಾಸ್ಟಿಕ್ಕಿಗೆ ಹುಳಿಯ ಭಯ ಇಲ್ಲ. ಹೆಚ್ಚಿದ ನಿಂಬೆಹಣ್ಣು, ತಣ್ಣಗಿನ ಚಟ್ನಿ ಬಟ್ಟಲು ಮುಚ್ಚಲು ಅದಕ್ಕಿಂತ ಸುಲಭದ್ದು ಇಲ್ಲ. ಅದಕ್ಕೆ ಆಗದ್ದು ಬಿಸಿ ಮತ್ತು ಜಿಡ್ಡು. ಕೆಲವು ಫಿಲ್ಮ್ ಪಿವಿಸಿಯಿಂದ ಮಾಡಿದ್ದು. ಅದು ಮೆತ್ತಗೆ ಅಂಟುವ ಹಾಗಾಗಲು ಬೆರೆಸುವ ವಸ್ತು ಎಣ್ಣೆ, ಬೆಣ್ಣೆ, ಚೀಸ್‌ನೊಳಗೆ ಇಳಿಯುತ್ತದೆ. ಪಾಲಿಥೀನ್ ಫಿಲ್ಮ್‌ನಲ್ಲಿ ಆ ಬೆರಕೆ ಇರುವುದಿಲ್ಲ, ಅದಕ್ಕೇ ಅಷ್ಟು ಚೆನ್ನಾಗಿ ಅಂಟುವುದೂ ಇಲ್ಲ. ಡಬ್ಬದ ಮೇಲೆ ಯಾವುದು ಅಂತ ಬರೆದಿರುತ್ತಾರೆ, ಓದಿ. ನನ್ನ ತಂಗಿ ಒಮ್ಮೆ ಬಿಸಿ ಬಜ್ಜಿಗೆ ಫಿಲ್ಮ್ ಸುತ್ತಿದಳು. ಅದು ಮುದುರಿ ಬಜ್ಜಿಯ ಮೇಲೆ ಚರ್ಮದ ಥರ ಕೂತುಬಿಟ್ಟಿತ್ತು. ಎಲ್ಲಾ ಕಸಕ್ಕೆ.

ಹಾಗಾದರೆ ಫಾಯಿಲ್ ಯಾವುದಕ್ಕೆ? ಚಪಾತಿಗೆ. ಹುಳಿ ಇಲ್ಲ, ಉಪ್ಪು ಕಮ್ಮಿ, ಬೆಚ್ಚಗೆ ಮೆತ್ತಗೆ ಇರಬೇಕು. ಒಲೆಯಿಂದ ಇಳಿಸಿ ಬಟ್ಟೆಯ ಮೇಲೆ ಮೂರು ನಾಲ್ಕು ನಿಮಿಷ ಬಿಟ್ಟು, ಆರಾರು ಜೋಡಿಸಿ ಸುತ್ತುತ್ತೇನೆ. ನೇರ ಸುತ್ತಿದರೆ ಫಾಯಿಲ್ ಒಳಗೆ ಹನಿಗೂಡಿ ಮೇಲಿನ ಚಪಾತಿ ಅಂಟಂಟಾಗುತ್ತದೆ. ಉಪ್ಪಿನಕಾಯಿಯೋ ಟೊಮ್ಯಾಟೊ ಗೊಜ್ಜೋ ಸವರಿ ಸುರುಳಿ ಮಾಡಿದ ಚಪಾತಿಯಾದರೆ ಮೊದಲು ಬಟರ್ ಪೇಪರ್, ಅದರ ಮೇಲೆ ಫಾಯಿಲ್. ಹುಳಿ ಒಳಗೇ ಉಳಿಯುತ್ತದೆ, ಬಿಸಿಯೂ ಹೋಗುವುದಿಲ್ಲ.

ಮೊಸರನ್ನವನ್ನು ಯಾವುದರಲ್ಲೂ ಕಟ್ಟಲಿಲ್ಲ. ಅದು ಹುಳಿಯೂ ಹೌದು, ನೀರೂ ಹೌದು. ಎಂಟು ಸ್ಟೀಲ್ ಡಬ್ಬಿಗಳಲ್ಲಿ ತುಂಬಿ, ಡಬ್ಬಿಗೊಂದು ಚಮಚ ಹಾಕಿ, ಐಸ್ ಪೆಟ್ಟಿಗೆಯಲ್ಲಿಟ್ಟು ಕೊಟ್ಟೆ.

ಸಂಜೆ ಆ ಹುಡುಗ ಡಬ್ಬಿ ವಾಪಸ್ ತಂದಾಗ ನಾನು ಮೊದಲು ಕೇಳಿದ್ದು ಪೊಟ್ಟಣದ ವಿಷಯವನ್ನೇ. 40ರಲ್ಲಿ ಎರಡು ಸೋರಿದ್ದವಂತೆ, ಖಾಕಿ ಕಾಗದಕ್ಕೆ ಎಣ್ಣೆ ಹಿಡಿದಿತ್ತು. ಅವೆರಡು ಯಾವುವು ಅಂತ ನನಗೆ ಗೊತ್ತಿತ್ತು. ಐದೂವರೆ ಆಗಿಹೋಗಿ ಬಸ್ಸು ಹಾರ್ನ್ ಹೊಡೆಯುತ್ತಿದ್ದಾಗ, ಕೊನೆಯ ಎರಡು ಎಲೆಗಳನ್ನು ಬಾಡಿಸದೆ ಹಸಿಯಾಗಿಯೇ ಕಟ್ಟಿದ್ದೆ.