ಇಚಿಮೋಕು ಮೋಡ ಬಣ್ಣ ಬದಲಿಸಿದಾಗ ನಾನು ಏನು ನೋಡುತ್ತೇನೆ

ಷೇರಿನಂಥವುಗಳ ಬೆಲೆಯ ಏರಿಳಿತ ಓದಲು ಬಳಸುವ ಇಚಿಮೋಕು ಚಾರ್ಟ್‌ನಲ್ಲಿ ಐದು ಗೆರೆಗಳಿವೆ. ಜಪಾನಿನ ಪತ್ರಕರ್ತ ಗೋಯಿಚಿ ಹೊಸೋದಾ ಇದನ್ನು ರೂಪಿಸಿ, 1969ರಲ್ಲಿ ಪುಸ್ತಕವಾಗಿ ಹೊರತಂದರು. ನೋಡೋಕೆ ಗೋಜಲು, ಆದರೆ ಲೆಕ್ಕ ತುಂಬಾ ಸುಲಭ. ನಾನು ಕಲಿತದ್ದು ಸ್ಪ್ರೆಡ್‌ಶೀಟ್‌ನಲ್ಲಿ ಒಂದೊಂದೇ ಕಾಲಂ ಬರೆದು.

ದಿನದ ಚಾರ್ಟ್‌ನಲ್ಲಿ ಒಂದು ಕ್ಯಾಂಡಲ್ ಅಂದರೆ ಒಂದು ದಿನದ ಬೆಲೆ. ಟೆಂಕನ್ ಅಂದರೆ ಕಳೆದ 9 ಕ್ಯಾಂಡಲ್‌ಗಳ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಬೆಲೆಯ ನಡುಮಧ್ಯ. ಕಿಜುನ್ ಕೂಡ ಹಾಗೆಯೇ, 26 ಕ್ಯಾಂಡಲ್‌ಗೆ. ಗಮನಿಸಿ, ಇದು ಮೂವಿಂಗ್ ಆವರೇಜ್ ಅಲ್ಲ. ಎರಡು ತುದಿಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ, ನಡುವಿನ ಬೆಲೆಗಳಿಗೆ ಬೆಲೆಯೇ ಇಲ್ಲ! ಟೆಂಕನ್ ಮತ್ತು ಕಿಜುನ್ ನಡುವಿನ ಬಿಂದು ಸ್ಪ್ಯಾನ್ ಎ. 52 ಕ್ಯಾಂಡಲ್‌ಗಳ ನಡುಮಧ್ಯ ಸ್ಪ್ಯಾನ್ ಬಿ. ಈ ಎರಡನ್ನೂ 26 ಕ್ಯಾಂಡಲ್ ಮುಂದೆ ಎಳೆದು ಬರೆಯುತ್ತಾರೆ, ನಡುವಿನ ಜಾಗವೇ ಮೋಡ. ಎ ಮೇಲಿದ್ದರೆ ಸಾಮಾನ್ಯವಾಗಿ ಹಸಿರು, ಬಿ ಮೇಲಿದ್ದರೆ ಕೆಂಪು. ಎರಡೂ ಒಂದನ್ನೊಂದು ದಾಟುವ ಜಾಗವೇ ಟ್ವಿಸ್ಟ್.

ಟ್ವಿಸ್ಟ್ ಚಾರ್ಟ್‌ನ ಮುಂಭಾಗದಲ್ಲಿ, ಇನ್ನೂ ಬರದ ದಿನಗಳ ಮೇಲೆ ಕಾಣಿಸುತ್ತದೆ. ಹಾಗಂತ ಅದು ಭವಿಷ್ಯ ಹೇಳುತ್ತಿಲ್ಲ. ಇವತ್ತಿನ ಲೆಕ್ಕವನ್ನೇ ಮುಂದಕ್ಕೆ ಸರಿಸಿ ಬರೆದಿರುತ್ತದೆ, ಅಷ್ಟೇ. ಅದಕ್ಕೇ ಮೋಡ ಕೆಂಪಾದಾಗ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ: ಎ ಕೆಳಗೆ ಬಂತಾ, ಬಿ ಮೇಲೆ ಹೋಯ್ತಾ?

ಒಂದು ಲೆಕ್ಕ ಮಾಡೋಣ. ಬೆಲೆ 80ರಿಂದ 120ಕ್ಕೆ ಏರಿ, 90ಕ್ಕೆ ಇಳಿದು, ಈಗ 110ರಲ್ಲಿದೆ. ಕಳೆದ 9 ಕ್ಯಾಂಡಲ್‌ಗಳು 104 ಮತ್ತು 112ರ ನಡುವೆ ಆಡಿವೆ, ಹಾಗಾಗಿ ಟೆಂಕನ್ 108. ಕಳೆದ 26ರಲ್ಲಿ ಕಡಿಮೆ 90, ಹೆಚ್ಚು 112, ಕಿಜುನ್ 101. ಸ್ಪ್ಯಾನ್ ಎ 104.5. ಕಳೆದ 52ರಲ್ಲಿ ಕಡಿಮೆ 80, ಹೆಚ್ಚು 120, ಸ್ಪ್ಯಾನ್ ಬಿ 100. ಮೋಡ ಹಸಿರು.

ಮಾರನೇ ದಿನ ಬೆಲೆ 110ರ ಆಸುಪಾಸಿನಲ್ಲೇ ಇದೆ, ಟೆಂಕನ್ ಮತ್ತು ಕಿಜುನ್ ಅಲುಗಾಡಿಲ್ಲ. ಆದರೆ ಆ ಹಳೆಯ 80 ಈಗ 52ರ ಲೆಕ್ಕದಿಂದ ಹೊರಬಿತ್ತು. ಉಳಿದವುಗಳಲ್ಲಿ ಅತಿ ಕಡಿಮೆ 90. ಸ್ಪ್ಯಾನ್ ಬಿ ಒಮ್ಮೆಲೇ 105ಕ್ಕೆ ಹಾರಿತು. ಎ 104.5ರಲ್ಲೇ ಇದೆ. ಮೋಡ ಕೆಂಪು! ಯಾರೂ ಜಾಸ್ತಿ ಮಾರಿಲ್ಲ, ಬೆಲೆ ಬಿದ್ದಿಲ್ಲ. ಎರಡು ತಿಂಗಳಿಗಿಂತ ಹಳೆಯ ಒಂದು ಸಂಖ್ಯೆ ಲೆಕ್ಕದಿಂದ ಹೋಯಿತು, ಅಷ್ಟೇ. ಇಂಥ ಟ್ವಿಸ್ಟ್ ನೋಡಿ ನಾನು ಮಾರುವುದಿಲ್ಲ. ಟೆಂಕನ್, ಕಿಜುನ್ ಕುಸಿದು ಎ ತಾನೇ ಬಿಯ ಕೆಳಗೆ ಇಳಿದಿದ್ದರೆ ಆ ಮಾತೇ ಬೇರೆ.

ಈಗ ಚಿಕೋ ಸ್ಪ್ಯಾನ್, ಅಂದರೆ ಹಿಂದೆ ಉಳಿಯುವ ಗೆರೆ. ಇದರಲ್ಲಿ ಲೆಕ್ಕವೇ ಇಲ್ಲ. ಇವತ್ತಿನ ಮುಕ್ತಾಯದ ಬೆಲೆಯನ್ನು 26 ಕ್ಯಾಂಡಲ್ ಹಿಂದೆ ಬರೆಯುತ್ತಾರೆ. 'ಇವತ್ತಿನ ಬೆಲೆ ಹಿಂದೆ ಹಾಕಿ ಏನು ಪ್ರಯೋಜನ' ಅನ್ನಿಸುತ್ತೆ ಅಲ್ವಾ? ಅದು ಕೇಳುವುದು ಒಂದೇ: ಆಗ ಇದ್ದ ಬೆಲೆಗಿಂತ ಈಗ ಮೇಲಿದ್ದೇವಾ? ನಮ್ಮ ಉದಾಹರಣೆಯಲ್ಲಿ 26 ಕ್ಯಾಂಡಲ್ ಹಿಂದಿನ ಗರಿಷ್ಠ 98 ಎಂದುಕೊಳ್ಳಿ. ಚಿಕೋ 110ರಲ್ಲಿ, ಆ ಕ್ಯಾಂಡಲ್‌ಗಿಂತ 12 ಮೇಲೆ ಆರಾಮಾಗಿ ನಿಂತಿದೆ. ಮೋಡ ಕೆಂಪು, ಚಿಕೋ ಗಟ್ಟಿ. ಇಲ್ಲಿ ನಾನು ಚಿಕೋ ಮಾತು ಕೇಳುತ್ತೇನೆ.

ಆದರೆ ಚಿಕೋಗೂ ಅದೇ ಕಾಯಿಲೆ ಇದೆ. ಬೆಲೆ 110ರಲ್ಲೇ ನಿಂತರೆ, ದಿನ ಕಳೆದಂತೆ ಅದು 104–112ರ ಕ್ಯಾಂಡಲ್‌ಗಳ ಜೊತೆ ಹೋಲಿಸಿಕೊಳ್ಳಬೇಕಾಗುತ್ತದೆ. ಬೆಲೆ ಇಳಿಯದೆಯೇ ಚಿಕೋ ಹಳೆಯ ಕ್ಯಾಂಡಲ್‌ಗಳ ಒಳಗೆ ಸಿಕ್ಕಿಕೊಳ್ಳುತ್ತದೆ. ಅಂದರೆ ಮಾರುಕಟ್ಟೆಗೆ ಒಂದು ದಿಕ್ಕಿಲ್ಲ. ಆಗ ಹೊಸದಾಗಿ ಕೊಳ್ಳುವುದನ್ನು ನಿಲ್ಲಿಸುತ್ತೇನೆ.

ಹಳೆಯ ಡೇಟಾದಲ್ಲಿ ಈ ನಿಯಮ ಪರೀಕ್ಷಿಸುವವರು ಒಂದು ವಿಷಯ ನೋಡಿಕೊಳ್ಳಿ. ಚಾರ್ಟ್‌ನಲ್ಲಿ ಯಾವುದೇ ಹಳೆಯ ದಿನದ ಮೇಲೆ ಕಾಣುವ ಚಿಕೋ, ಆ ದಿನ ಇರಲೇ ಇಲ್ಲ. ಅದು ಆಮೇಲಿನ ಬೆಲೆ. ಅದನ್ನು ಬಳಸಿದರೆ ಫಲಿತಾಂಶ ಸುಮ್ನೆ ಚೆನ್ನಾಗಿ ಕಾಣುತ್ತದೆ. ಪೈಥಾನ್‌ನ ಪಾಂಡಾಸ್‌ನಲ್ಲಿ ನಾನು ಬರೆಯುವುದು ಹೀಗೆ:

```
df["chikou_ok"] = df["close"] > df["high"].shift(26)
```

ಇನ್ನೊಂದು ಸಣ್ಣ ವಿಷಯ. ಕೆಲವು ಸಾಫ್ಟ್‌ವೇರ್‌ಗಳು ಇವತ್ತಿನ ಕ್ಯಾಂಡಲನ್ನೇ ಒಂದು ಎಂದು ಎಣಿಸುತ್ತವೆ, ಆಗ ಸರಿಯುವುದು 25 ಸ್ಥಾನ ಮಾತ್ರ. ನಿಮ್ಮ ಲೆಕ್ಕ ಚಾರ್ಟ್‌ಗೆ ಒಂದು ಕ್ಯಾಂಡಲ್ ವ್ಯತ್ಯಾಸ ತೋರಿಸಿದರೆ ಕಾರಣ ಬಹುಶಃ ಇದೇ.

ಟ್ವಿಸ್ಟ್ ಬಿದ್ದ ಜಾಗವನ್ನು ನಾನು ಮತ್ತೊಂದು ಕೆಲಸಕ್ಕೆ ಬಳಸುತ್ತೇನೆ. ಅಲ್ಲಿ ಮೋಡದ ದಪ್ಪ ಸೊನ್ನೆ. ಬೆಲೆ ಅಲ್ಲಿಗೆ ಬಂದಾಗ ಮೋಡವನ್ನು ದಾಟಿದರೂ ಅದನ್ನು ಬ್ರೇಕ್‌ಔಟ್ ಎಂದು ಪರಿಗಣಿಸುವುದಿಲ್ಲ. ದಾಟಲು ಅಲ್ಲಿ ಏನೂ ಇರಲಿಲ್ಲವಲ್ಲ.