ಎಂಟು ತೋಟ, ಹದಿನಾರು ದಿನ: ಪಿಎಚ್‌ಡಿ ಸಂದರ್ಶನದಲ್ಲಿ ನನ್ನ ಲೆಕ್ಕ ನಿಂತ ಬಗೆ

ಮೊದಲ ಸಲ ಪಿಎಚ್‌ಡಿ ಸಂದರ್ಶನಕ್ಕೆ ಹೋದಾಗ ನನ್ನ ಪಿಪಿಟಿಯ ಮೊದಲ ಸ್ಲೈಡಿನಲ್ಲಿ ಹೀಗಿತ್ತು: ‘ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳಲ್ಲಿ ಬಿಳಿ ಕಾಂಡಕೊರಕದ ಹಾವಳಿ: ಒಂದು ಅಧ್ಯಯನ’. ಸಮಿತಿಯಲ್ಲಿದ್ದ ಹಿರಿಯರೊಬ್ಬರು ಅದನ್ನು ಎರಡು ಸಲ ಓದಿ, "ಇದರಲ್ಲಿ ಪ್ರಶ್ನೆ ಎಲ್ಲಿದೆಯಮ್ಮ?" ಎಂದರು. ಬೋರರ್, ಅಂದರೆ ಕಾಫಿ ಕಾಂಡವನ್ನು ಒಳಗಿನಿಂದ ಕೊರೆಯುವ ಈ ದುಂಬಿಯ ಹುಳು, ಎಲ್ಲೆಲ್ಲಿ ಎಷ್ಟಿದೆ ಎಂದು ನೋಡುತ್ತೇನೆ ಸರ್ ಅಂದೆ. "ನೋಡಿ ಆದಮೇಲೆ?" ಅಂದರು. ಅಲ್ಲಿಗೆ ನನ್ನ ಮಾತು ನಿಂತಿತು.

ಆ ಹೊತ್ತಿಗೆ ನನ್ನ ಕೈಯಲ್ಲಿದ್ದ ದೊಡ್ಡ ಬಂಡವಾಳ ಸಾವಿರ ಗಿಡ. ಇಪ್ಪತ್ತು ತೋಟ, ತೋಟಕ್ಕೊಂದು ಬ್ಲಾಕ್, ಬ್ಲಾಕಿಗೆ ಐವತ್ತು ಅರೇಬಿಕಾ ಗಿಡ. ಇನ್ನೊಬ್ಬ ಪ್ರೊಫೆಸರು ಅದನ್ನೇ ಹಿಡಿದರು. ಒಂದು ಬ್ಲಾಕಿನ ಐವತ್ತು ಗಿಡಕ್ಕೂ ಮಾಲೀಕರು ಒಬ್ಬರೇ, ಹೊಡೆದ ಸುಣ್ಣ ಒಂದೇ, ಮೇಲಿನ ಮರವೂ ಅದೇ. ಒಂದು ಗಿಡದಿಂದ ಹೊರಬಿದ್ದ ದುಂಬಿ ಪಕ್ಕದ ಗಿಡದ ತೊಗಟೆಯಲ್ಲಿ ಮೊಟ್ಟೆ ಇಡುತ್ತದೆ. ಹಾಗಾದರೆ ಅದು ಐವತ್ತು ಪುರಾವೆಯೋ, ಒಂದೋ? ಒಂದೇ. ನನ್ನ ಎನ್, ಅಂದರೆ ಲೆಕ್ಕಕ್ಕೆ ಬರುವ ಮಾದರಿಗಳ ಸಂಖ್ಯೆ, ಸಾವಿರ ಅಲ್ಲ, ಇಪ್ಪತ್ತು. ಆ ವರ್ಷ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಪ್ರವೇಶ ಪರೀಕ್ಷೆಗೆ 70, ಸಂದರ್ಶನಕ್ಕೆ 30 ಎಂಬ ಯುಜಿಸಿ 2022ರ ನಿಯಮದಲ್ಲಿ ಆ ಮೂವತ್ತು ಎಷ್ಟು ಭಾರ ಅಂತ ಆಗ ಗೊತ್ತಾಯ್ತು.

ಮೂಡಿಗೆರೆ ಹತ್ತಿರದ ದೊಡ್ಡಪ್ಪನ ತೋಟಕ್ಕೆ ಹೋದೆ. ಕೆಳಗಿನ ಬ್ಲಾಕಿನ ಸಿಲ್ವರ್ ಮರಗಳನ್ನು ಮೂರು ವರ್ಷದ ಹಿಂದೆ ನಾಟಾಕ್ಕೆ ಕೊಟ್ಟಿದ್ದರು, ಮೇಲಿನದು ಇನ್ನೂ ದಟ್ಟ ನೆರಳು. "ಬಿಸಿಲು ಬಿದ್ದರೆ ಬೋರರ್ ಜಾಸ್ತಿ ಅನ್ನೋದು ನನ್ನ ಅಪ್ಪನಿಗೂ ಗೊತ್ತಿತ್ತು ಮಾರಾಯ್ತಿ, ಅದಕ್ಕೊಂದು ಡಾಕ್ಟ್ರೇಟ್ ಬೇಕಾ?" ಅಂತ ದೊಡ್ಡಪ್ಪ ನಕ್ಕರು. ಮಾತು ಸರಿಯೇ. ಆದರೆ ಮರ ಕೊಡುವ ಮುಂಚೆ ಅವರು ತಮಗೆ ತಾವೇ ಹೇಳಿಕೊಂಡ ಸಮಾಧಾನ ಬೇರೆ: "ವರ್ಷಾ ವರ್ಷ ಕಾಂಡ ಉಜ್ಜಿಸ್ತೀನಿ, ಬೋರರ್ ಬಿದ್ದ ಗಿಡ ಕೀಳಿಸ್ತೀನಿ, ಏನೂ ಆಗಲ್ಲ." ಅದು ನಿಜವೋ ಅಲ್ಲವೋ ಅವರಿಗೂ ಗೊತ್ತಿರಲಿಲ್ಲ. ನನ್ನ ಪ್ರಶ್ನೆ ಸಿಕ್ಕಿದ್ದು ಅಲ್ಲಿ. ದುಂಬಿ ಮೊಟ್ಟೆ ಇಡುವ ಸಡಿಲ ತೊಗಟೆ ಉದುರುವಂತೆ ಪ್ರತಿವರ್ಷ ಕಾಂಡ ಉಜ್ಜಿ, ಬೋರರ್ ಬಿದ್ದ ಗಿಡ ಕಿತ್ತು ಸುಡುವ ತೋಟದಲ್ಲೂ, ನೆರಳು ತೆರೆದ ಬ್ಲಾಕಿನಲ್ಲಿ ಬೋರರ್ ಹೆಚ್ಚೇ ಇರುತ್ತದೆಯೇ? ಹೌದು ಅಂತ ಬಂದರೆ ಉಜ್ಜಿಸುವ ಕೂಲಿ ಬಿಸಿಲಿನ ನಷ್ಟವನ್ನು ತುಂಬುತ್ತಿಲ್ಲ. ವ್ಯತ್ಯಾಸ ಕಾಣದಿದ್ದರೆ ಮರ ಮಾರಿದವರ ಮೇಲಿನ ದೂರು ಅಷ್ಟರಮಟ್ಟಿಗೆ ಸಡಿಲ. ಯಾವ ಉತ್ತರ ಬಂದರೂ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ ಹೀಗೆ ಕಟ್ಟಿದ ಮೇಲೆ ವಿಧಾನ ತಾನಾಗಿ ಬಂತು. ಒಂದೇ ತೋಟದಲ್ಲಿ ಎರಡು ಬ್ಲಾಕ್: ಒಂದು ತೆರೆದದ್ದು, ಒಂದು ನೆರಳಿನದು, ತಳಿ ಒಂದೇ, ಗಿಡದ ವಯಸ್ಸೂ ಹೆಚ್ಚುಕಡಿಮೆ ಒಂದೇ. ಮಾಲೀಕ, ಮೇಸ್ತ್ರಿ, ಸುಣ್ಣ ಎಲ್ಲ ಸಮ ಇರುವುದರಿಂದ ಹೋಲಿಕೆ ತೋಟದ ಒಳಗೇ ನಡೆಯುತ್ತದೆ. ಎಣಿಕೆಗೆ ಬರುವುದು ಜೋಡಿ, ಗಿಡ ಅಲ್ಲ. ನೆರಳನ್ನು ಕಣ್ಣಂದಾಜಿನಲ್ಲಿ ಹೇಳದೆ, ಚೌಕಳಿ ಗೆರೆ ಎಳೆದ ಉಬ್ಬುಗನ್ನಡಿ, ಅಂದರೆ ಡೆನ್ಸಿಯೋಮೀಟರಿನಲ್ಲಿ ಎಷ್ಟು ಚೌಕ ಎಲೆ ತುಂಬಿದೆ ಎಂದು ಎಣಿಸುವುದು.

ಆದರೆ ಪ್ರಸ್ತಾವಕ್ಕೆ ಬೆನ್ನೆಲುಬು ಕೊಟ್ಟವರು ದೊಡ್ಡಪ್ಪನ ತೋಟದ ಮೇಸ್ತ್ರಿ. ನಾನು ನಿಂತ ಗಿಡಗಳನ್ನು ಎಣಿಸುತ್ತಿದ್ದುದನ್ನು ನೋಡಿ, "ಬಿದ್ದಿದ್ದನ್ನೆಲ್ಲ ಹೋದ ತಿಂಗಳೇ ಕಿತ್ತು ಸುಟ್ಟಿದೀವಲ್ಲ ಅಕ್ಕಾ, ಇನ್ನೇನು ಎಣಿಸ್ತೀರಾ?" ಅಂದರು. ಎದೆ ಧಸಕ್ಕೆಂದಿತು. ಚೆನ್ನಾಗಿ ನೋಡಿಕೊಳ್ಳುವ ತೋಟದಲ್ಲಿ ಬೋರರ್ ಬಿದ್ದ ಗಿಡ ನಿಂತೇ ಇರುವುದಿಲ್ಲ. ಕಿತ್ತ ಮೇಲೆ ಹೋಗಿ ಎಣಿಸಿದರೆ ಹಾವಳಿ ಹೆಚ್ಚಿರುವ ಬ್ಲಾಕೂ ಸ್ವಚ್ಛವಾಗಿ ಕಾಣುತ್ತದೆ. ಅಂಕಿ ತಪ್ಪಿದೆ ಎಂಬ ಸುಳಿವೇ ಹತ್ತುವುದಿಲ್ಲ. ಅಲ್ಲಲ್ಲಿ ಖಾಲಿ ಗುಂಡಿ, ಹಳೇ ಸಾಲಿನ ನಡುವೆ ಎಳೇ ಗಿಡ ಕಂಡರೆ ಅದೊಂದೇ ಗುರುತು.

ಹಾಗಾಗಿ ಎಣಿಕೆಯನ್ನು ಕೀಳುವ ಆಳುಗಳ ಜೊತೆಗೇ ಇಟ್ಟುಕೊಂಡೆ. ದುಂಬಿ ಹಾರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಬೇಸಿಗೆಯ ಹಾರಾಟಕ್ಕೆ ಮುಂಚೆ ತೋಟದವರು ಗಿಡ ಗುರುತು ಮಾಡಿ ಕೀಳುತ್ತಾರೆ. ಅವರು ಕೀಳುವ ಮುನ್ನ ನಾನು ಕಾಂಡದ ಮೇಲಿನ ಉಬ್ಬುಗೆರೆ, ಹಳದಿ ತಿರುಗಿದ ಎಲೆ ನೋಡಿ ಬರೆದುಕೊಳ್ಳುವುದು. ಕಿತ್ತ ಮೇಲೆ ಕಾಂಡ ಸೀಳಿ ಒಳಗೆ ಹುಳು ಇದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು.

ಇನ್ನು ಇದೆಲ್ಲ ಆಗುತ್ತದೆಯೇ ಎಂಬ ಲೆಕ್ಕ. ಒಂದು ಗಿಡದ ಕಾಂಡವನ್ನು ಬುಡದಿಂದ ದಪ್ಪ ರೆಂಬೆವರೆಗೆ ಸುತ್ತ ನೋಡಲು ನಾಲ್ಕು ನಿಮಿಷ. ಐವತ್ತು ಗಿಡಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ. ಎರಡೂ ಬ್ಲಾಕನ್ನು ಒಂದೇ ದಿನ ಮುಗಿಸಬಹುದು ಅಂದುಕೊಂಡು ಮಾಡಿಯೂ ನೋಡಿದೆ. ಮಧ್ಯಾಹ್ನದ ಬ್ಲಾಕಿನಲ್ಲಿ ನಾಲ್ಕು ಗಿಡ ಬರೆದಿದ್ದೆ. ಮಾರನೇ ಬೆಳಿಗ್ಗೆ ಅದೇ ಸಾಲು ಹಿಡಿದರೆ ಏಳು. ಮೂರು ಗಿಡ ತಪ್ಪಿಸಿದ್ದು ನನ್ನ ಸೋತ ಕಣ್ಣು. ಹಾಗಾಗಿ ದಿನಕ್ಕೊಂದೇ ಬ್ಲಾಕ್, ಒಂದು ತೋಟದಲ್ಲಿ ಮೊದಲು ಬಿಸಿಲಿನದು, ಮುಂದಿನದರಲ್ಲಿ ಮೊದಲು ನೆರಳಿನದು. ಅತಿಥಿ ಉಪನ್ಯಾಸಕಿಯಾದ ನನಗೆ ವಾರಕ್ಕೆ ಎರಡು ದಿನ ಬಿಡುವು. ಫೆಬ್ರವರಿ, ಮಾರ್ಚ್ ಸೇರಿ ಎಂಟು ವಾರ, ಹದಿನಾರು ದಿನ, ಹದಿನಾರು ಬ್ಲಾಕ್, ಎಂಟು ತೋಟ. ಎರಡನೇ ವರ್ಷ ಬೇರೆ ಎಂಟು. ಒಟ್ಟು ಹದಿನಾರು ಜೋಡಿ. ಮೊದಲಿನ ಸಾವಿರದ ಮುಂದೆ ಬಡಕಲಾಗಿ ಕಾಣುವ ಈ ಅಂಕಿಯನ್ನು ಮುಚ್ಚಿಡಲಿಲ್ಲ, ಅದಕ್ಕೇ ಒಂದು ಸ್ಲೈಡ್ ಕೊಟ್ಟೆ. ಚಿಕ್ಕ ವ್ಯತ್ಯಾಸ ಇದ್ದರೆ ಹದಿನಾರು ಜೋಡಿಯಲ್ಲಿ ಸಿಕ್ಕದೆ ಹೋಗಬಹುದು ಅಂತಲೂ ಬರೆದೆ.

ಎರಡನೇ ಸಲ ಹತ್ತು ನಿಮಿಷಕ್ಕೆ ಎಂಟೇ ಸ್ಲೈಡ್. ಚೀಲದಲ್ಲಿ ಸೀಳಿದ ಕಾಂಡದ ತುಂಡೊಂದು ಇತ್ತು. ಸುರಂಗದ ತುಂಬ ಹುಳು ಕೊರೆದ ಪುಡಿ ಒತ್ತಿ ತುಂಬಿಕೊಂಡಿತ್ತು. ಒಳಗೆ ಸೇರಿದ ಹುಳುವಿಗೆ ಔಷಧಿ ಯಾಕೆ ತಾಗುವುದಿಲ್ಲ ಎಂದು ಬಾಯಲ್ಲಿ ಹೇಳುವ ಅಗತ್ಯವೇ ಬೀಳಲಿಲ್ಲ. ತುಂಡು ಕೈಯಿಂದ ಕೈಗೆ ಹೋಗಿ ಮೇಜಿನ ಮೇಲೆಲ್ಲ ಪುಡಿ ಚೆಲ್ಲಿತು. ಅದನ್ನು ಬೆರಳಿನಲ್ಲಿ ಒರೆಸುತ್ತಲೇ ಒಬ್ಬರು ಕೇಳಿದರು: "ಕಿತ್ತು ಹಾಕಿದ ಗಿಡ ನಿಮ್ಮ ಲೆಕ್ಕಕ್ಕೆ ಹೇಗೆ ಬರುತ್ತೆ?" ಮೇಸ್ತ್ರಿಯ ಮಾತನ್ನೇ ಮೇಸ್ತ್ರಿಯ ಮಾತು ಅಂತಲೇ ಹೇಳಿದೆ.

ಕೊನೆಯ ಪ್ರಶ್ನೆ, ತೋಟದೊಳಗೆ ಬಿಡುವವರು ಯಾರು ಎಂದು. ಮೊದಲ ವರ್ಷದ ಎಂಟರಲ್ಲಿ ಐದು ತೋಟದವರ ಸಹಿ ಇದ್ದ ಪತ್ರ ಇತ್ತು, ಮೂರು ಬರೀ ಬಾಯಿಮಾತು. ಹಾಗೆಂದೇ ಹೇಳಿ, ಬದಲಿಗೆ ಇಟ್ಟುಕೊಂಡಿದ್ದ ಎರಡು ತೋಟ ತೋರಿಸಿದೆ. ಸೀಟು ಸಿಕ್ಕಿತು. ಫೆಬ್ರವರಿ ಬಂದಾಗ ಬಾಯಿಮಾತಿನ ಮೂರರಲ್ಲಿ ಒಂದು ಕೈಕೊಟ್ಟಿತು. ರೋಬಸ್ಟಾ ಕೊಯ್ಲು ಮುಗಿದಿಲ್ಲ, ಈಗ ಯಾರೂ ಬರಬೇಡಿ ಅಂತ ತೋಟದ ಲೆಕ್ಕ ಬರೆಯುವ ರೈಟರು ಗೇಟಿನಲ್ಲೇ ವಾಪಸ್ ಕಳಿಸಿದರು. ಬದಲಿ ತೋಟಕ್ಕೆ ಮಧ್ಯಾಹ್ನದ ಬಸ್ ಹಿಡಿದೆ.