ಗಾಳಿಯಾಡದ ಡಬ್ಬಿಯೊಳಗೂ ನುಸಿ: ಉಣ್ಣೆ, ರೇಷ್ಮೆ ಉಳಿಸಿಕೊಂಡ ನನ್ನ ಅನುಭವ

ನಮ್ಮದು ಮೂಡಿಗೆರೆ ಕಡೆಯ ಹೆಂಚಿನ ಮನೆ. ಅಟ್ಟದ ಮೇಲೆ ಅತ್ತೆಯವರ ಕಬ್ಬಿಣದ ಟ್ರಂಕು ಒಂದಿದೆ. ಅದರಲ್ಲಿ ಅವರ ಧಾರೆ ಸೀರೆ, ಇನ್ನೆರಡು ಜರಿ ಸೀರೆ, ಮಾವನವರ ಶಾಲು, ಮಕ್ಕಳು ಚಿಕ್ಕವರಿದ್ದಾಗ ಹೆಣೆದ ಸ್ವೆಟರ್‌ಗಳು, ತಳದಲ್ಲಿ ಒಂದು ಕರಿ ಕಂಬಳಿ. ಎರಡು ವರ್ಷದ ಹಿಂದೆ ಜೂನ್ ಕೊನೆಯಲ್ಲಿ ಮಳೆ ಜೋರಾಗಿ ಚಳಿ ಹತ್ತಿದಾಗ, ಮಾವನಿಗೆ ಶಾಲು ಬೇಕೆಂದು ಟ್ರಂಕು ತೆಗೆದೆ. ಶಾಲು ಬಿಡಿಸಿದರೆ ಬೆಳಕು ಆಚೆಯಿಂದ ಈಚೆಗೆ ಕಾಣುತ್ತಿತ್ತು.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಚಿಕ್ಕಮಗಳೂರಿಗೆ ಹೋಗಿ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ, ನಾಲ್ಕು ಕಡೆ ಕ್ಲಿಪ್ ಹಾಕುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಎರಡು ತಂದೆ. ಬಟ್ಟೆಗಳನ್ನು ಕೊಡವಿ, ಮಡಚಿ, ಅದರೊಳಗೆ ತುಂಬಿ ಕ್ಲಿಪ್ ಹಾಕಿದೆ. ನುಸಿ ಗುಳಿಗೆ ಹಾಕಲಿಲ್ಲ. ಮಗಳ ಪುಟ್ಟ ಕೂಸು ಮನೆಯಲ್ಲಿತ್ತು. ನ್ಯಾಫ್ತಲೀನ್ ವಾಸನೆ ಹತ್ತಿದ ಉಣ್ಣೆ ಹೊದಿಸಿದರೆ ಕೆಲವು ಎಳೆ ಮಕ್ಕಳಿಗೆ ರಕ್ತಕಣ ಒಡೆದು ಕಾಮಾಲೆ ಬರುವುದುಂಟು. ಗಾಳಿಯಾಡದ ಡಬ್ಬಿ ಇದೆಯಲ್ಲ, ಸಾಕು ಅಂದುಕೊಂಡೆ.

ದೀಪಾವಳಿಗೆ ಡಬ್ಬಿ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಬೂಷ್ಟಿನ ವಾಸನೆ. ಆಮೇಲೆ ಸ್ವೆಟರ್ ಮಡಿಕೆಯಲ್ಲಿ ಒಂದು ಬಿಳಿ ಹುಳ ಮೆಲ್ಲಗೆ ತೆವಳುತ್ತಿತ್ತು. ಅತ್ತೆ ಇಣುಕಿ ನೋಡಿ, "ಎಂತದೇ ಇದು, ಹುಳಕ್ಕೆ ಬೆಚ್ಚಗೆ ಮನೆ ಕಟ್ಟಿಕೊಟ್ಟಿದೀಯಲ್ಲ!" ಅಂದರು. ಅವರು ಹೇಳಿದ್ದು ಅಕ್ಷರಶಃ ನಿಜ. ಡಬ್ಬಿ ಹೊರಗಿನ ಹುಳವನ್ನು ಒಳಗೆ ಬಿಡುವುದಿಲ್ಲ. ಆದರೆ ಬಟ್ಟೆಯ ಜೊತೆಗೇ ಒಳಗೆ ಹೋದ ಮೊಟ್ಟೆಯನ್ನೂ ಹೊರಗೆ ಬಿಡುವುದಿಲ್ಲ. ಒಳಗಿರುವ ಗಾಳಿ ಅಷ್ಟು ಚಿಕ್ಕ ಹುಳಕ್ಕೆ ಬೇಕಾದಷ್ಟಾಯಿತು. ಮಳೆಗಾಲದ ತೇವವನ್ನೂ ನಾನೇ ಕೂಡಿಹಾಕಿದ್ದೆ.

ಆಮೇಲೆ ಸರಿಯಾಗಿ ಕೂತು ನೋಡಿದೆ. ಬಿಳಿ ಬೆಡ್‌ಶೀಟ್ ಹಾಸಿ, ಒಂದೊಂದೇ ಬಟ್ಟೆಯನ್ನು ಅದರ ಮೇಲೆ ಕೊಡವಿದೆ. ಹುಳ ಒಂದಲ್ಲ, ಎರಡು ಜಾತಿ ಇದ್ದವು. ಸ್ವೆಟರ್‌ನಲ್ಲಿದ್ದದ್ದು ನುಸಿ, ಅಂದರೆ ಒಣ ಹುಲ್ಲಿನ ಬಣ್ಣದ ಸಣ್ಣ ಚಿಟ್ಟೆಯ ಮರಿ. ಅದು ತಿಂದ ಕಡೆ ಜೇಡರ ಬಲೆಯಂಥ ತೆಳು ನೂಲು ಅಂಟಿರುತ್ತದೆ. ಉಣ್ಣೆಯ ಮೇಲ್ಮೈ ಮೇಯ್ದ ಹುಲ್ಲಿನ ಹಾಗೆ ಬೋಳಾಗಿರುತ್ತದೆ. ಅದರ ಹಿಕ್ಕೆ ರವೆಯಂತೆ ಉದುರುತ್ತದೆ, ಬಟ್ಟೆ ಯಾವ ಬಣ್ಣವೋ ಹಿಕ್ಕೆಯೂ ಅದೇ ಬಣ್ಣ. ನನ್ನ ಕೆಂಪು ಸ್ವೆಟರ್‌ನಿಂದ ಕೆಂಪು ರವೆ ಉದುರಿತು. ದೀಪಕ್ಕೆ ಬಂದು ಮುತ್ತುವ ಚಿಟ್ಟೆ ಇದಲ್ಲ. ಬಟ್ಟೆ ತಿನ್ನುವ ನುಸಿಗೆ ಬೆಳಕು ಕಂಡರಾಗದು, ಕತ್ತಲ ಮಡಿಕೆಗೆ ಓಡುತ್ತದೆ. ಹಾರುವ ಚಿಟ್ಟೆಯನ್ನು ಹೊಡೆದು ಸಮಾಧಾನಪಟ್ಟುಕೊಳ್ಳುವುದೂ ದಂಡ. ಅದು ಬಟ್ಟೆ ತಿನ್ನುವುದೇ ಇಲ್ಲ, ತಿನ್ನುವುದೆಲ್ಲ ಮರಿಹುಳ.

ಶಾಲು, ಸೀರೆಯದು ಬೇರೆ ಕಥೆ. ಅಲ್ಲಿ ನೂಲಿಲ್ಲ, ರವೆಯಿಲ್ಲ. ಅಲ್ಲೊಂದು ಇಲ್ಲೊಂದು ತೂತು, ಮಡಿಕೆಯಲ್ಲಿ ಕಂದು ಬಣ್ಣದ, ಮೈತುಂಬ ಕೂದಲಿರುವ ಹೊಟ್ಟಿನಂಥ ಸಿಪ್ಪೆಗಳು. ಅದು ಕಾರ್ಪೆಟ್ ಬೀಟಲ್ ಮರಿ ಬೆಳೆಯುತ್ತಾ ಕಳಚಿದ ಪೊರೆ. ದೊಡ್ಡದಾದ ಮೇಲೆ ಅದು ಎರಡು ಮೂರು ಮಿಲಿಮೀಟರಿನ, ಚುಕ್ಕೆ ಚುಕ್ಕೆಯ ಗುಂಡು ಜೀರುಂಡೆ. ಆಗ ಹೂವಿನ ಪರಾಗ ತಿಂದುಕೊಂಡಿರುತ್ತದೆ, ಬೆಳಕು ಹುಡುಕಿ ಕಿಟಕಿಗೆ ಬರುತ್ತದೆ. ಬೇಸಿಗೆಯಲ್ಲಿ ಅಟ್ಟದ ಕಿಟಕಿ ಕಟ್ಟೆಯಲ್ಲಿ ಅಂಥವು ಸತ್ತು ಬಿದ್ದಿರುವುದನ್ನು ಎಷ್ಟೋ ಸಲ ಗುಡಿಸಿ ಎಸೆದಿದ್ದೆ. ಏನೆಂದು ಯೋಚಿಸಿರಲಿಲ್ಲ ಅಷ್ಟೇ. ಎಲ್ಲಿಂದ ಬಂದವು ಅಂತ ಹುಡುಕಿದಾಗ ಟ್ರಂಕಿನ ನೇರ ಮೇಲೆ, ಹೆಂಚಿನ ಸಂದಿಯಲ್ಲಿ ಹಳೆಯ ಹಕ್ಕಿಗೂಡು ಸಿಕ್ಕಿತು. ಗರಿ, ಕೂದಲು, ಸತ್ತ ಹುಳ ಎಲ್ಲ ಅವಕ್ಕೆ ಊಟವೇ. ಗೂಡು ಖಾಲಿಯಾಗಿತ್ತು, ತೆಗೆಸಿ ಸುಟ್ಟೆವು. ಅಟ್ಟದ ಹಲಗೆ ಸಂದಿಗಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಸಿದೆ. ಅತ್ತೆ ಟ್ರಂಕಿಗೆ ವರ್ಷ ವರ್ಷ ಬೇವಿನ ಸೊಪ್ಪು, ಲಾವಂಚದ ಬೇರು ಹಾಕುತ್ತಿದ್ದರು. ಪರಿಮಳ ಚೆನ್ನಾಗಿತ್ತು. ಹುಳಕ್ಕೂ ಬಹುಶಃ ಹಿಡಿಸಿತ್ತು.

ಈ ಸಲ ಕೆಲಸದ ಕ್ರಮ ಬದಲಾಯಿಸಿದೆ. ಮೊದಲು ಹುಳ ಕೊಲ್ಲುವುದು, ಆಮೇಲೆ ಒಣಗಿಸುವುದು, ಡಬ್ಬಿ ಕೊನೆಗೆ.

ಕೊಲ್ಲುವುದಕ್ಕೆ ಫ್ರಿಜ್ಜಿನ ಫ್ರೀಜರ್ ಬಳಸಿದೆ. ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಎರಡು ಮೂರು ದಿನ ಇಟ್ಟರೆ ಸಾಲದು. ಸೀರೆ, ಶಾಲು, ಸ್ವೆಟರ್ ಒಂದೊಂದನ್ನೂ ದಪ್ಪ ಪಾಲಿಥಿನ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಬಿಗಿಯಾಗಿ ಕಟ್ಟಿದೆ. ಮೀನು, ಬಟಾಣಿ ಎಲ್ಲ ಪಕ್ಕದ ಮನೆಗೆ ವಲಸೆ ಹೋದವು. ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲ, ಹಾಗಾಗಿ ಒಳಗೊಂದು ಥರ್ಮಾಮೀಟರ್ ಇಟ್ಟಿದ್ದೆ. ಆರನೇ ದಿನ ಲೈನ್ ಹೋಗಿ ರಾತ್ರಿಯಿಡೀ ಬರಲಿಲ್ಲ, ಬೆಳಗ್ಗೆ ನೋಡಿದರೆ ಮೈನಸ್ 5. ಆ ದಿನದಿಂದ ಲೆಕ್ಕ ಮತ್ತೆ ಶುರು ಮಾಡಿದೆ. ಹೊರಗೆ ತೆಗೆದ ಮೇಲೆ ಚೀಲವನ್ನು ಒಂದು ಇಡೀ ದಿನ ಬಿಚ್ಚಬಾರದು. ತಣ್ಣಗಿರುವ ರೇಷ್ಮೆಗೆ ಹೊರಗಿನ ಗಾಳಿ ತಾಗಿದರೆ ನೀರು ಇಬ್ಬನಿಯಂತೆ ಕೂರುತ್ತದೆ, ಜರಿಗೆ ಅದು ಒಳ್ಳೆಯದಲ್ಲ. ಚೀಲದೊಳಗೇ ಇದ್ದರೆ ನೀರು ಚೀಲದ ಹೊರಮೈ ಮೇಲೆ ಕೂರುತ್ತದೆ, ಒರೆಸಿದರಾಯಿತು.

ಕಂಬಳಿ ಫ್ರೀಜರಿಗೆ ಹಿಡಿಸಲಿಲ್ಲ. ಅದನ್ನು ಫೆಬ್ರವರಿವರೆಗೆ ಚೀಲದಲ್ಲಿ ಕಟ್ಟಿಟ್ಟು, ಆಮೇಲೆ ಕಾಫಿ ಕಣದಲ್ಲಿ ಬಿಸಿಲಿಗೆ ಹಾಕಿದೆ. ಬಟ್ಟೆಯ ಒಳಗೇ 55 ಡಿಗ್ರಿ ಒಂದೆರಡು ಗಂಟೆ ನಿಂತರೆ ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಮೊದಲ ದಿನ ನಾಲ್ಕು ಮಡಿಕೆ ಮಾಡಿ ಕಪ್ಪು ಪ್ಲಾಸ್ಟಿಕ್ ಶೀಟಿನಲ್ಲಿ ಸುತ್ತಿಟ್ಟೆ. ಮಡಿಕೆಯ ನಡುವೆ ಥರ್ಮಾಮೀಟರ್ 43 ದಾಟಲೇ ಇಲ್ಲ. ಉಣ್ಣೆ ಬಿಸಿಯನ್ನು ಹೊರಗಿಡುವುದರಲ್ಲೂ ನಿಪುಣ ಅಲ್ವಾ! ಮರುದಿನ ಒಂದೇ ಪದರವಾಗಿ ಹಾಸಿ, ಕೆಳಗೂ ಮೇಲೂ ಶೀಟ್ ಹಾಕಿ, ಅಂಚಿಗೆ ಕಲ್ಲಿಟ್ಟೆ. ಮಧ್ಯಾಹ್ನ 57 ಬಂತು, ಎರಡು ಗಂಟೆ ಹಾಗೇ ಬಿಟ್ಟೆ. ರೇಷ್ಮೆಗೆ ಮಾತ್ರ ಈ ಕೆಲಸ ಬೇಡ. ಬಿಸಿಲಿಗೆ ಬಣ್ಣವೂ ಹೋಗುತ್ತದೆ, ನೂಲೂ ಸೊರಗುತ್ತದೆ.

ಒಣಗಿಸುವುದರಲ್ಲಿ ನನಗೆ ಜಾಸ್ತಿ ಪಾಠವಾಯಿತು. ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ತೇವವೆಲ್ಲ ಅದೇ ಕುಡಿಯುತ್ತದೆ ಅಂದುಕೊಂಡಿದ್ದೆ. ಆದರೆ ಉಣ್ಣೆ, ರೇಷ್ಮೆ ಮುಟ್ಟಿದರೆ ಒಣಗಿದಂತಿದ್ದರೂ ತಮ್ಮೊಳಗೆ ನೀರು ಇಟ್ಟುಕೊಂಡಿರುತ್ತವೆ. ಮಳೆಗಾಲದ ಗಾಳಿಯಲ್ಲಿದ್ದ 3 ಕೆಜಿ ಉಣ್ಣೆಯನ್ನು ಡಬ್ಬಿಗೆ ಯೋಗ್ಯವಾಗುವಷ್ಟು ಒಣಗಿಸಬೇಕಾದರೆ ಹೆಚ್ಚುಕಮ್ಮಿ ಒಂದು ದೊಡ್ಡ ಲೋಟ ನೀರು ಹೊರಬರಬೇಕು. ಅದನ್ನು ಕುಡಿಯಲು ಮುಕ್ಕಾಲು ಕೆಜಿ ಜೆಲ್ ಬೇಕಾದೀತು. ಶೂ ಡಬ್ಬಿಯಲ್ಲಿ ಬರುವ ಚಿಟಿಕೆ ಪೊಟ್ಟಣದಿಂದ ಏನಾಗುತ್ತದೆ? ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾರ್ಚ್‌ಮೆಂಟ್, ಅಂದರೆ ತಿರುಳು ತೆಗೆದ ಕಾಫಿ ಬೀಜ, ಸರಿಯಾಗಿ ಒಣಗದೆ ಚೀಲ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ, ಬಟ್ಟೆಗೂ ಅದೇ.

ಅದಕ್ಕೇ ಡಬ್ಬಿ ತುಂಬುವ ಕೆಲಸವನ್ನು ಫೆಬ್ರವರಿಗೆ ಇಟ್ಟುಕೊಂಡೆ. ಆಗಲೂ ಬೆಳಗ್ಗೆ ಅಲ್ಲ, ಬೆಳಗ್ಗೆ ಮಂಜು ಇರುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಗಾಳಿ ಚೆನ್ನಾಗಿ ಒಣಗಿರುತ್ತದೆ. ಜಗಲಿಯ ನೆರಳಲ್ಲಿ ಹಗ್ಗ ಕಟ್ಟಿ ಬಟ್ಟೆ ಬಿಡಿಸಿ ಹರವಿ, ಮೂರು ಗಂಟೆಗೆ ಡಬ್ಬಿಗೆ ಹಾಕಿದೆ. ಇಡುವ ಮೊದಲು ಬೆವರು, ಊಟದ ಕಲೆ ಇರಬಾರದು. ರೇಷ್ಮೆಯಲ್ಲಿ ಹುಳ ಮೊದಲು ಬಾಯಿ ಹಾಕುವುದು ಅಂಥ ಜಾಗಕ್ಕೇ. ಧಾರೆ ಸೀರೆಯಲ್ಲಿ ತೂತು ಬಿದ್ದದ್ದೂ ಊಟದ ಕಲೆ ಇದ್ದ ಸೆರಗಿನಲ್ಲೇ. ಸೀರೆಗಳನ್ನು ಡ್ರೈ ಕ್ಲೀನ್ ಮಾಡಿಸಿ, ಹಳೆಯ ಮೆತ್ತನೆ ಪಂಚೆಯಲ್ಲಿ ಸುತ್ತಿದೆ. ಪಂಚೆಗೆ ಗಂಜಿ ಹಾಕಿರಬಾರದು.

ಒಣಗಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಹೇಗೆ? ಗಾಳಿಯ ತೇವ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಸಿಗುತ್ತದೆ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಅದನ್ನು ಬಟ್ಟೆಯ ಜೊತೆ ಡಬ್ಬಿಯೊಳಗಿಟ್ಟು ಕ್ಲಿಪ್ ಹಾಕಿ, ಮರುದಿನ ಪಾರದರ್ಶಕ ಗೋಡೆಯಿಂದಲೇ ಓದಿದೆ. ಮೊದಲ ಸಲ 67 ಪರ್ಸೆಂಟ್. ನೋಡಲು ಗರಿಗರಿಯಾಗಿದ್ದ ಬಟ್ಟೆ! 65 ದಾಟಿದರೆ ಬೂಷ್ಟಿಗೆ ದಾರಿ. ಎಲ್ಲ ತೆಗೆದು ಇನ್ನೂ ಎರಡು ಮಧ್ಯಾಹ್ನ ಹರವಿದೆ. ಆಮೇಲೆ 51 ಬಂತು. ಆಗ ಎರಡೂ ಡಬ್ಬಿಗೆ ತಲಾ 200 ಗ್ರಾಂ ಸಿಲಿಕಾ ಜೆಲ್ಲನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಇಟ್ಟೆ. ಅದು ಬಟ್ಟೆ ಒಣಗಿಸುವುದಕ್ಕಲ್ಲ, ಮುಚ್ಚಳದ ಸಂದಿಯಿಂದ ನಿಧಾನಕ್ಕೆ ನುಸುಳುವ ತೇವ ಹಿಡಿಯುವುದಕ್ಕೆ.

ಆ ಮೀಟರ್ ಇನ್ನೊಂದು ಉಪಕಾರ ಮಾಡಿತು. ಎರಡು ಡಬ್ಬಿಗೆ ಎರಡು ಮೀಟರ್ ಇಟ್ಟಿದ್ದೆ. ಜುಲೈನಲ್ಲಿ ಹೊರಗೆ ತೇವ 90ರ ಮೇಲೆ. ಒಂದು ಡಬ್ಬಿ 51ರಿಂದ 54ಕ್ಕೆ ಬಂದು ನಿಂತಿತ್ತು. ಇನ್ನೊಂದು ಮೂರು ವಾರದಲ್ಲಿ 63 ಆಯಿತು. ಅಂಗಡಿಯವನು ಎರಡನ್ನೂ ಏರ್‌ಟೈಟ್ ಅಂತಲೇ ಮಾರಿದ್ದ. ಟಾರ್ಚ್ ಹಿಡಿದು ನೋಡಿದರೆ, ಮೂಲೆಯಲ್ಲಿ ರಬ್ಬರ್ ಪಟ್ಟಿಗೂ ಅಂಚಿಗೂ ನಡುವೆ ಪಂಚೆಯ ಒಂದು ದಾರ ಸಿಕ್ಕಿಕೊಂಡಿತ್ತು. ಒಂದೇ ಒಂದು ದಾರ! ಆಗ ತಾನೇ ಮೊಟ್ಟೆಯೊಡೆದ ನುಸಿ ಮರಿ ಕೂದಲೆಳೆಯಷ್ಟು ಸಂದಿಯಲ್ಲೂ ನುಸುಳುತ್ತದೆ. ತೇವ ಹೋಗುವ ದಾರಿ ಅದಕ್ಕೂ ದಾರಿ ಆಗಬಹುದು. ದಾರ ತೆಗೆದು, ಪಟ್ಟಿ ಒರೆಸಿ, ಜೆಲ್ ಬದಲಾಯಿಸಿ, ಐದು ನಿಮಿಷದೊಳಗೆ ಮುಚ್ಚಿದೆ. ಹಳೆಯ ಜೆಲ್ಲನ್ನು ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ತೇವ ಕುಡಿದು ಹಸಿರಾಗಿದ್ದ ಕಾಳು ಮತ್ತೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ದಿನಾ ಹಾಕುವ ಸ್ವೆಟರ್, ಹೊದೆಯುವ ಕಂಬಳಿ ಇವಕ್ಕೆ ಡಬ್ಬಿ ಬೇಕಿಲ್ಲ. ಕೈಯಾಡುವ ಬಟ್ಟೆಯಲ್ಲಿ ಹುಳಕ್ಕೆ ನೆಮ್ಮದಿ ಇರುವುದಿಲ್ಲ. ಡಬ್ಬಿಗೆ ಹೋಗುವುದು ವರ್ಷಕ್ಕೊಮ್ಮೆ ಹೊರಬರುವಂಥವು ಮಾತ್ರ. ಅವನ್ನು ಫೆಬ್ರವರಿಯ ಮಧ್ಯಾಹ್ನ ತೆಗೆದು, ನೋಡಿ, ಜರಿ ಸೀರೆಯ ಮಡಿಕೆ ಬದಲಾಯಿಸಿ ಮತ್ತೆ ಇಡುತ್ತೇನೆ. ಮಡಿಕೆ ಒಂದೇ ಕಡೆ ಇದ್ದರೆ ಜರಿ ಅಲ್ಲೇ ಮುರಿಯುತ್ತದೆ.

ಈ ಫೆಬ್ರವರಿಯಲ್ಲಿ ಮತ್ತೆ ಬಿಳಿ ಬೆಡ್‌ಶೀಟ್ ಹಾಸಿ ಕೊಡವಿದೆ. ರವೆ ಇಲ್ಲ, ಪೊರೆ ಇಲ್ಲ. ಧಾರೆ ಸೀರೆಯ ಸೆರಗಿನ ತೂತುಗಳನ್ನು ರಫು ಮಾಡಿಸಿದ್ದೇವೆ. ಶಾಲು ರಫುಗೆ ಮೀರಿತ್ತು. ಅದರ ಗಟ್ಟಿಯಿದ್ದ ತುದಿ ಕತ್ತರಿಸಿ, ಅಂಚು ಹೊಲಿದು, ಮಾವನಿಗೆ ಮಫ್ಲರ್ ಮಾಡಿಕೊಟ್ಟೆ. ಅದು ಡಬ್ಬಿಗೆ ಹೋಗುವುದೇ ಇಲ್ಲ, ಯಾವಾಗ ನೋಡಿದರೂ ಅವರ ಕುತ್ತಿಗೆಯಲ್ಲೇ ಇರುತ್ತದೆ.